ಉಳಿಸು, ಅಳಿಸು, ಬೇಡ: ಬಿಲ್ಲಿಂಗ್ ತಂತ್ರಾಂಶದ ಬಟನ್‌ಗಳಿಗೆ ಕನ್ನಡ ಹಾಕಿದ ಬಗೆ

ಸಣ್ಣ ಅಂಗಡಿಗಳು ಬಳಸುವ ಒಂದು ಬಿಲ್ಲಿಂಗ್ ತಂತ್ರಾಂಶವನ್ನು ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಉದ್ದದ ವಾಕ್ಯಗಳು ಸಲೀಸಾಗಿ ಮುಗಿದವು. ಸಮಯ ತಿಂದದ್ದು ಸೇವ್, ಕ್ಯಾನ್ಸಲ್, ಅನ್‌ಡೂ ತರಹದ ಒಂಟಿ ಪದಗಳು. ಇವಕ್ಕೆ ಪದಪಟ್ಟಿಗಳೇನೋ ಸಿಗುತ್ತವೆ. ಆದರೆ ಪಟ್ಟಿಯಲ್ಲಿ ಪ್ರತಿ ಪದವೂ ತನ್ನ ಪಾಡಿಗೆ ತಾನಿರುತ್ತದೆ, ಪರದೆಯ ಮೇಲೆ ಮಾತ್ರ ಅಕ್ಕಪಕ್ಕದಲ್ಲಿ ಇನ್ನೆರಡು ಬಟನ್ ಇರುತ್ತವೆ. ಹಾಗಾಗಿ ನಾನು ಪದಗಳನ್ನು ಒಂದೊಂದಾಗಿ ಆರಿಸುವುದು ಬಿಟ್ಟು, ಒಂದೇ ಕಿಟಕಿಯಲ್ಲಿ ಒಟ್ಟಿಗೆ ಕಾಣುವವನ್ನೆಲ್ಲ ಒಂದು ಗುಂಪಾಗಿ ಇಟ್ಟುಕೊಂಡು ನಿರ್ಧರಿಸಿದೆ.

ಮೊದಲು ಕ್ರಿಯಾಪದದ ರೂಪ. ಬಟನ್ ಒತ್ತುವಾಗ ಯಂತ್ರಕ್ಕೆ ಅಪ್ಪಣೆ ಕೊಡುವವರು ನಾವು, ಆದ್ದರಿಂದ ‘ಉಳಿಸು’. ತಂತ್ರಾಂಶವೇ ನಮ್ಮನ್ನು ಕೇಳುವಾಗ ಮರ್ಯಾದೆಯ ರೂಪ: ‘ಗ್ರಾಹಕರ ಹೆಸರು ಬರೆಯಿರಿ’. ಹಲವು ಮೊಬೈಲ್ ಆ್ಯಪ್‌ಗಳು ಬಟನ್ ಮೇಲೂ ‘ಉಳಿಸಿ’ ಎನ್ನುತ್ತವೆ, ಅದೂ ನಡೆಯುತ್ತದೆ. ಒಂದೇ ಪರದೆಯಲ್ಲಿ ಎರಡೂ ಬೆರೆತಾಗ ಮಾತ್ರ ಯಾರು ಯಾರಿಗೆ ಹೇಳುತ್ತಿದ್ದಾರೆ ಎಂಬುದು ಗೊಂದಲವಾಗುತ್ತದೆ.

‘ಉಳಿಸು’ ಎಂದಾಯಿತು, ಡಿಲೀಟ್‌ಗೆ ಎಲ್ಲರೂ ಬಳಸುವ ‘ಅಳಿಸು’ ಇಟ್ಟುಕೊಂಡೆ. ಬಿಲ್ ತಿದ್ದುವ ಕಿಟಕಿಯಲ್ಲಿ ಇವೆರಡೂ ಪಕ್ಕಪಕ್ಕದಲ್ಲಿ ಬಂದವು. ಮೊದಲ ಅಕ್ಷರ ಬಿಟ್ಟರೆ ಉಳಿದದ್ದೆಲ್ಲ ಒಂದೇ, ಅರ್ಥ ಮಾತ್ರ ತದ್ವಿರುದ್ಧ. ಕೌಂಟರ್‌ನಲ್ಲಿ ಅವಸರದಲ್ಲಿರುವವರು ಅಕ್ಷರ ಕೂಡಿಸಿ ಓದುವುದಿಲ್ಲ, ಪದದ ಆಕಾರ ನೋಡಿ ಒತ್ತುತ್ತಾರೆ. ಅದಕ್ಕೇ ಡಿಲೀಟ್ ಎಲ್ಲೆಡೆ ‘ಅಳಿಸಿಹಾಕು’ ಆಯಿತು. ಸ್ವಲ್ಪ ಉದ್ದವಾದರೂ ಕಣ್ಣಿಗೆ ಬೇರೆಯಾಗಿ ಕಾಣುತ್ತದೆ.

ನಿಜವಾಗಿ ತಲೆ ಕೆಡಿಸಿದ್ದು ಕ್ಯಾನ್ಸಲ್. ಅಂಗಡಿಯವರಿಗೆ ‘ಬಿಲ್ ರದ್ದು’ ಅನ್ನುವುದು ದಿನನಿತ್ಯದ ಕೆಲಸ. ಆ ಬಟನ್ ಒತ್ತಿದಾಗ ‘ಈ ಬಿಲ್ ರದ್ದು ಮಾಡಬೇಕೆ?’ ಎಂಬ ಪ್ರಶ್ನೆ ಬರುತ್ತದೆ. ಅದರ ಕೆಳಗೆ ‘ಸರಿ’, ‘ರದ್ದು ಮಾಡು’ ಎಂದು ಎರಡು ಬಟನ್ ಇದ್ದರೆ ಬಿಲ್ ರದ್ದಾಗುವುದು ಯಾವುದನ್ನು ಒತ್ತಿದರೆ? ಇಂಗ್ಲಿಷ್‌ನಲ್ಲೂ ಇದೇ ತೊಡಕಿದೆ, ಅವರು ಹೇಗೋ ಹೊಂದಿಕೊಂಡಿದ್ದಾರೆ. ನಾನು ‘ರದ್ದು’ ಪದವನ್ನು ಬಿಲ್‌ಗೇ ಮೀಸಲಿಟ್ಟು, ಕೆಲಸ ಮುಂದುವರಿಸದೆ ಕಿಟಕಿ ಮುಚ್ಚುವ ಕ್ಯಾನ್ಸಲ್‌ಗೆ ‘ಬೇಡ’ ಎಂದು ಹಾಕಿದೆ. ಈಗ ‘ರದ್ದು ಮಾಡು’, ‘ಬೇಡ’ ಎಂದು ಪ್ರಶ್ನೆಗೆ ನೇರ ಉತ್ತರ ಸಿಗುತ್ತದೆ.

ಇದಕ್ಕೆ ಪ್ರೋಗ್ರಾಮರ್ ನೆರವು ಬೇಕಾಯಿತು. ಅನುವಾದಗಳನ್ನು ಇಡುವ ಗೆಟ್‌ಟೆಕ್ಸ್ಟ್ ಕಡತದಲ್ಲಿ ಒಂದೇ ಇಂಗ್ಲಿಷ್ ಪದ ಎಷ್ಟು ಕಡೆ ಬಂದರೂ ಒಂದೇ ನಮೂದಾಗಿ ಸೇರಿಹೋಗುತ್ತದೆ. ಸಂದರ್ಭದ ಸಾಲೊಂದನ್ನು ಸೇರಿಸಿದರೆ ಮಾತ್ರ ಬೇರೆಯಾಗುತ್ತದೆ:

```
msgctxt "dialog button"
msgid "Cancel"
msgstr "ಬೇಡ"

msgctxt "bill action"
msgid "Cancel"
msgstr "ರದ್ದು ಮಾಡು"
```

‘ಬೇಡ’ ಕೂಡ ಎಲ್ಲ ಕಡೆ ಹೊಂದಲಿಲ್ಲ. ಉಳಿಸದ ಬಿಲ್ ಮುಚ್ಚಲು ಹೋದರೆ ‘ಬದಲಾವಣೆಗಳನ್ನು ಉಳಿಸಬೇಕೆ?’ ಎಂದು ಕೇಳಿ ಮೂರು ಬಟನ್ ತೋರಿಸುತ್ತದೆ. ಅಲ್ಲಿ ‘ಬೇಡ’ ಅಂದರೆ ಉಳಿಸುವುದು ಬೇಡವೋ, ಮುಚ್ಚುವುದು ಬೇಡವೋ? ಆದ್ದರಿಂದ ಒಂದು ನಿಯಮ ಮಾಡಿಕೊಂಡೆ: ಎರಡೇ ಬಟನ್ ಇದ್ದರೆ ಬರೀ ‘ಬೇಡ’, ಮೂರಾದರೆ ಕ್ರಿಯಾಪದವನ್ನೂ ಸೇರಿಸಬೇಕು. ಹಾಗೆ ‘ಉಳಿಸು’, ‘ಉಳಿಸದೆ ಮುಚ್ಚು’, ‘ಮುಚ್ಚಬೇಡ’ ಬಂದವು.

‘ರದ್ದು’ ಹೀಗೆ ಖರ್ಚಾದ್ದರಿಂದ ಅನ್‌ಡೂಗೆ ಬೇರೆ ಪದ ಬೇಕಿತ್ತು. ‘ಹಿಂತೆಗೆ’ ಚಿಕ್ಕದು, ಚೊಕ್ಕದು, ಆದರೆ ದುಡ್ಡಿನ ಲೆಕ್ಕ ಇಡುವ ತಂತ್ರಾಂಶದಲ್ಲಿ ಅದು ಬ್ಯಾಂಕಿನಿಂದ ಹಣ ತೆಗೆಯುವ ಹಾಗೆ ಕೇಳುತ್ತದೆ. ಕೊನೆಗೆ ‘ಮೊದಲಿನಂತೆ ಮಾಡು’ ಎಂದು ಇಟ್ಟೆ. ಮೆನುವಿನಲ್ಲಿ ಅದರ ಮುಂದೆ ಕೆಲಸದ ಹೆಸರೂ ಬರುತ್ತದೆ, `Undo %s` ಎಂಬಂತೆ; `%s` ಇರುವಲ್ಲಿ ಆ ಹೆಸರು ಬಂದು ಕೂರುತ್ತದೆ. ಕನ್ನಡದಲ್ಲಿ ಆ ಹೆಸರು ಕ್ರಿಯಾಪದಕ್ಕಿಂತ ಮೊದಲು ಬಂದು ವಿಭಕ್ತಿ ಹಚ್ಚಿಕೊಳ್ಳಬೇಕು. ‘ರಿಯಾಯಿತಿ’ಗೆ ‘-ಯನ್ನು’, ‘ದರ’ಕ್ಕೆ ‘-ವನ್ನು’: ಒಂದೇ ಪ್ರತ್ಯಯವನ್ನು `%s`ಗೆ ಅಂಟಿಸಲು ಬರುವುದಿಲ್ಲ. `ಮೊದಲಿನಂತೆ ಮಾಡು: %s` ಎಂದು ನಡುವೆ ವಿವರಣ ಚಿಹ್ನೆ ಹಾಕಿದರೆ ವಿಭಕ್ತಿಯ ಗೊಡವೆಯೇ ಇಲ್ಲ.

ಇಷ್ಟು ಗಟ್ಟಿಯಾದ ಮೇಲೆ ಕಡತಗಳನ್ನು ಟ್ರಾನ್ಸ್‌ಲೇಟ್ ಟೂಲ್‌ಕಿಟ್ ಎಂಬ ಅನುವಾದಕರ ಸಾಧನಗಳಿಂದ ಜಾಲಾಡಿದೆ:

```
poconflicts po/ conflicts/
poconflicts --invert po/ conflicts-inv/
```

ಮೊದಲನೆಯದು ಒಂದು ಇಂಗ್ಲಿಷ್ ಪದಕ್ಕೆ ಹಲವು ಕನ್ನಡ ಬಂದಿರುವಲ್ಲಿ ಹಿಡಿಯುತ್ತದೆ, ಎರಡನೆಯದು ಹಲವು ಇಂಗ್ಲಿಷ್ ಪದಗಳು ಒಂದೇ ಕನ್ನಡ ಪದಕ್ಕೆ ಬಂದು ಬಿದ್ದಿರುವಲ್ಲಿ. ಬಳಸುವವರ ದೃಷ್ಟಿಯಿಂದ ಎರಡನೆಯದೇ ಹೆಚ್ಚು ಅಪಾಯ. ಕ್ಲೋಸ್, ಎಕ್ಸಿಟ್ ಎರಡಕ್ಕೂ ‘ಮುಚ್ಚು’ ಎಂದಿದ್ದರೆ ಒಂದು ಬಿಲ್ ಮುಚ್ಚಲು ಹೋದವರು ಇಡೀ ತಂತ್ರಾಂಶವನ್ನೇ ಮುಚ್ಚಿಬಿಡುತ್ತಾರೆ. ಎಕ್ಸಿಟ್ ಈಗ ‘ಹೊರಹೋಗು’. ಆದರೆ ‘ಉಳಿಸು’, ‘ಅಳಿಸು’ ತರಹದ ಜೋಡಿಯನ್ನು ಈ ಸಾಧನ ಹಿಡಿಯುವುದಿಲ್ಲ. ಅದಕ್ಕೆ ಪ್ರತಿ ಕಿಟಕಿಯನ್ನೂ ತೆರೆದು ಕಣ್ಣಾರೆ ನೋಡಲೇಬೇಕು.