ಒಂದರ ಪವರ್ ಅನಂತ: ಲಾಗ್ ಹಾಕಿ ಬಿಡಿಸುವುದು ಹೇಗೆ?

ತುಮಕೂರಿನಲ್ಲಿ ಸಂಜೆ ಹೊತ್ತು ಎಂಜಿನಿಯರಿಂಗ್ ಮೊದಲ ವರ್ಷದ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಗುಬ್ಬಿ, ಕುಣಿಗಲ್, ಶಿರಾ ಕಡೆಯಿಂದ ಬಸ್ಸಿನಲ್ಲಿ ಬರುವವರೇ ಜಾಸ್ತಿ. ಪ್ರತಿ ವರ್ಷ ಒಂದು ಲೆಕ್ಕದಲ್ಲಿ ಅರ್ಧ ಕ್ಲಾಸು ಎಡವುತ್ತದೆ. ಲೆಕ್ಕ ಇದು: x ಸೊನ್ನೆಯ ಹತ್ತಿರ ಹೋದಾಗ ಕೆಳಗಿನದರ ಲಿಮಿಟ್ ಎಷ್ಟು?

y = ((2ˣ + 4ˣ + 8ˣ) / 3)^(1/x)

ಕಳೆದ ತಿಂಗಳು ಒಬ್ಬ ಹುಡುಗಿ ಎರಡೇ ಸಾಲಿನಲ್ಲಿ ಮುಗಿಸಿದಳು. "ಸರ್, ಒಳಗಡೆ ಒಂದಾಗುತ್ತೆ. ಒಂದಕ್ಕೆ ಯಾವ ಪವರ್ ಹಾಕಿದ್ರೂ ಒಂದೇ ಅಲ್ವಾ?" ಅಂದಳು. ಆದರೆ ಸರಿಯಾದ ಉತ್ತರ 4. ಅವಳ ತಪ್ಪು ಎಲ್ಲಿದೆ ಅನ್ನುವುದು ಮೊದಲು ತಿಳಿಯಬೇಕು. ಇಲ್ಲದಿದ್ದರೆ ಮುಂದಿನ ಹೆಜ್ಜೆಗಳು ಬಾಯಿಪಾಠವಾಗುತ್ತವೆ ಅಷ್ಟೇ.

ಅವಳಿಗೆ ಬಡ್ಡಿ ಲೆಕ್ಕದಲ್ಲಿ ಹೇಳಿದೆ. ನಿಮ್ಮ ಊರಲ್ಲಿ ಯಾರೋ ನೂರಕ್ಕೆ ಒಂದು ರೂಪಾಯಿ ಬಡ್ಡಿಗೆ ನೂರು ರೂಪಾಯಿ ಕೊಟ್ಟಿದ್ದಾರೆ ಅಂದುಕೋ. ಪ್ರತಿ ತಿಂಗಳೂ ಬಡ್ಡಿ ಅಸಲಿಗೆ ಸೇರುತ್ತದೆ. ಅಂದರೆ ತಿಂಗಳಿಗೊಮ್ಮೆ 1.01ರಿಂದ ಗುಣಿಸಬೇಕು. ನೂರು ತಿಂಗಳಾದರೆ 1.01ರ ಪವರ್ 100. ಸಾಲ 270 ರೂಪಾಯಿ 48 ಪೈಸೆಯಾಗುತ್ತದೆ. ಅದೇ ನೂರು ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿಯಾದರೆ ಸುಮಾರು 1,922 ರೂಪಾಯಿ. ನೂರಕ್ಕೆ ಒಂದೇ ಪೈಸೆಯಾದರೆ 101 ರೂಪಾಯಿ. ಮೂರರಲ್ಲೂ ಬೇಸ್ ಒಂದರ ಪಕ್ಕದಲ್ಲೇ ಇದೆ, ಪವರ್ 100 ಇದೆ. ಉತ್ತರ ಮಾತ್ರ ಎಲ್ಲಿಂದ ಎಲ್ಲಿಗೋ ಹೋಯಿತು.

ಬೇಸ್ ಸರಿಯಾಗಿ ಒಂದೇ ಆಗಿದ್ದರೆ ಅವಳ ಮಾತು ನಿಜ. ಆದರೆ ಲಿಮಿಟ್‌ನಲ್ಲಿ ಬೇಸ್ ಒಂದರ ಕಡೆಗೆ ಹೋಗುತ್ತಾ ಇರುತ್ತದೆ, ಒಂದನ್ನು ಮುಟ್ಟಿರುವುದಿಲ್ಲ. ಆ ಚೂರು ವ್ಯತ್ಯಾಸವನ್ನೇ ಪವರ್ ಹಿಗ್ಗಿಸುತ್ತದೆ. ಬೇಸ್ ಎಷ್ಟು ಬೇಗ ಒಂದಕ್ಕೆ ಹತ್ತಿರವಾಗುತ್ತದೆ, ಪವರ್ ಎಷ್ಟು ಬೇಗ ಬೆಳೆಯುತ್ತದೆ ಎಂಬುದರ ಮೇಲೆ ಉತ್ತರ ನಿಂತಿದೆ. ಈ ಎರಡನ್ನೂ ಒಟ್ಟಿಗೆ ಅಳೆಯುವುದಕ್ಕೆ ಲಾಗ್ ಬೇಕು.

ಹೆಜ್ಜೆ 1: ರೂಪ ಯಾವುದು, ನೋಡಿ

ಬೇಸ್‌ನ ಲಿಮಿಟ್ ಬೇರೆ, ಪವರ್‌ನ ಲಿಮಿಟ್ ಬೇರೆ ಬರೆಯಿರಿ. ಇಲ್ಲಿ ಬೇಸ್ (1 + 1 + 1)/3, ಅಂದರೆ 1. ಪವರ್ 1/x, ಅದು ಅನಂತಕ್ಕೆ ಹೋಗುತ್ತದೆ. ಬೇಸ್ 2ಕ್ಕೋ ಅರ್ಧಕ್ಕೋ ಹೋಗುತ್ತಿದ್ದರೆ ಲಾಗ್ ಬೇಕಾಗೇ ಇಲ್ಲ. ಸೊನ್ನೆಯ ಪವರ್ ಅನಂತ ಬಂದರೂ ಬೇಡ, ಉತ್ತರ ನೇರವಾಗಿ ಸೊನ್ನೆ. ಅದಕ್ಕೂ ಲಾಗ್ ಹಾಕಿ ಪುಟಗಟ್ಟಲೆ ಬರೆಯುವವರನ್ನು ನೋಡಿದ್ದೇನೆ.

ಹೆಜ್ಜೆ 2: ಲಾಗ್ ಹಾಕಿ

ಇಡೀ ಲೆಕ್ಕಕ್ಕೆ y ಎಂದು ಹೆಸರಿಟ್ಟು ಎರಡೂ ಕಡೆ ಲಾಗ್ ತೆಗೆದುಕೊಂಡರೆ ಪವರ್ ಕೆಳಗಿಳಿಯುತ್ತದೆ:

log y = [ log(2ˣ + 4ˣ + 8ˣ) − log 3 ] / x

ಇಲ್ಲಿ ಒಂದು ಮಾತು. ಕ್ಯಾಲ್ಕುಲಸ್ ಓದುವಾಗ ನಾವು log ಎಂದು ಬರೆಯುವುದು e ಬೇಸ್‌ನ ಲಾಗ್. ಕ್ಯಾಲ್ಕುಲೇಟರ್‌ನಲ್ಲಿ `log` ಎಂಬ ಬಟನ್ ಒತ್ತಿದರೆ ಬರುವುದು 10 ಬೇಸ್‌ನದು. ನಮಗೆ ಬೇಕಾದ್ದು `ln`.

ಹೆಜ್ಜೆ 3: ಮೇಲೂ ಕೆಳಗೂ ಡಿಫರೆನ್ಷಿಯೇಟ್ ಮಾಡಿ

ನಮ್ಮವರು ಎಡವುವುದು ಇಲ್ಲೇ, ಅದಕ್ಕೇ ನಿಧಾನವಾಗಿ ಹೋಗೋಣ.

ಮೊದಲು x = 0 ಹಾಕಿ ನೋಡಿ. ಮೇಲೆ log 3 − log 3, ಅಂದರೆ ಸೊನ್ನೆ. ಕೆಳಗೂ ಸೊನ್ನೆ. ಸೊನ್ನೆ ಭಾಗಿಲೆ ಸೊನ್ನೆ ಬಂದಿದ್ದರಿಂದ ಲೋಪಿತಾಲ್ ನಿಯಮ ಹಾಕಬಹುದು. ಮಕ್ಕಳು ಎಲ್‌ಹಾಸ್ಪಿಟಲ್ ರೂಲ್ ಅನ್ನುತ್ತಾರಲ್ಲ, ಅದೇ ಇದು. ಜೋಹಾನ್ ಬರ್ನೂಲಿ ಕಂಡುಕೊಂಡಿದ್ದನ್ನು ಲೋಪಿತಾಲ್ 1696ರಲ್ಲಿ ತಮ್ಮ ಪುಸ್ತಕದಲ್ಲಿ ಅಚ್ಚು ಹಾಕಿಸಿದರು. ಹಾಗಾಗಿ ಅವರ ಹೆಸರೇ ಉಳಿಯಿತು.

x = 0 ಹಾಕಿ ನೋಡುವುದನ್ನು ಯಾವತ್ತೂ ಬಿಡಬೇಡಿ. ಯಾಕೆ ಅಂದರೆ ದೊಡ್ಡ ತಪ್ಪೊಂದನ್ನು ಅದು ಅಲ್ಲೇ ಹಿಡಿದುಕೊಡುತ್ತದೆ. ತುಂಬಾ ಜನ log(2ˣ + 4ˣ + 8ˣ) ಇರುವುದನ್ನು log 2ˣ + log 4ˣ + log 8ˣ ಎಂದು ಒಡೆದುಬಿಡುತ್ತಾರೆ. ಗುಣಾಕಾರವಿದ್ದರೆ ಲಾಗ್ ಹಾಗೆ ಒಡೆಯುತ್ತದೆ, ಸಂಕಲನಕ್ಕೆ ಒಡೆಯುವುದಿಲ್ಲ. ಒಡೆದರೆ ಮೇಲಿರುವುದು x log 64 − log 3 ಆಗುತ್ತದೆ. ಈಗ x = 0 ಹಾಕಿದರೆ ಮೇಲೆ ಸೊನ್ನೆ ಬರುವುದಿಲ್ಲ, −log 3 ಉಳಿಯುತ್ತದೆ. ಹೆಜ್ಜೆ 1ರಲ್ಲಿ ಬೇಸ್ ಒಂದಕ್ಕೆ ಹೋಗುತ್ತದೆ ಎಂದು ನೀವೇ ಬರೆದಿದ್ದೀರಿ. ಒಂದರ ಲಾಗ್ ಸೊನ್ನೆ. ಹಾಗಾದರೆ ಮೇಲೆ ಸೊನ್ನೆ ಬರಲೇಬೇಕು. ಬರದಿದ್ದರೆ ಪೆನ್ನು ನಿಲ್ಲಿಸಿ ಹಿಂದಿನ ಸಾಲು ನೋಡಿ.

ಇನ್ನು ಡಿಫರೆನ್ಷಿಯೇಷನ್. ಲೋಪಿತಾಲ್ ನಿಯಮದಲ್ಲಿ ಮೇಲಿನದ್ದೇ ಬೇರೆ, ಕೆಳಗಿನದ್ದೇ ಬೇರೆ. ಭಾಗಾಕಾರದ ಸೂತ್ರ ತಂದು ಕೆಳಗೆ x² ಬರೆದರೆ ಲೆಕ್ಕ ಅಲ್ಲಿಗೆ ಕೆಟ್ಟಿತು. ಕೆಳಗೆ x ಇದೆ, ಅದರದು 1. ಮೇಲೆ log 3 ಸ್ಥಿರ ಸಂಖ್ಯೆ, ಅದರದು 0. ಉಳಿದದ್ದು ಮೊತ್ತದ ಲಾಗ್. ಆ ಮೊತ್ತವನ್ನು ಹಾಗೇ ಕೆಳಗಿಡಿ, ಅದರ ಡಿಫರೆನ್ಷಿಯೇಷನ್ ಮೇಲೆ ಬರೆಯಿರಿ:

(2ˣ log 2 + 4ˣ log 4 + 8ˣ log 8) / (2ˣ + 4ˣ + 8ˣ)

2ˣ ಅನ್ನು ಡಿಫರೆನ್ಷಿಯೇಟ್ ಮಾಡಿದರೆ 2ˣ log 2. ಇದನ್ನು x ಸಲ 2ರ ಪವರ್ x−1 ಎಂದು ಬರೆಯುವವರಿದ್ದಾರೆ. x² ನೋಡಿ ನೋಡಿ ಬಂದ ಅಭ್ಯಾಸ ಅದು. ಈ ತಪ್ಪು ಬೇಗ ಗೊತ್ತಾಗುವುದಿಲ್ಲ. x = 0 ಹಾಕಿದರೆ ಮೇಲಿರುವುದೆಲ್ಲ ಸೊನ್ನೆಯಾಗಿ log y ಸೊನ್ನೆ ಬರುತ್ತದೆ, y ಒಂದು ಬರುತ್ತದೆ. ಅಂದರೆ ಆ ಹುಡುಗಿ ಮೊದಲು ಹೇಳಿದ್ದೇ ಉತ್ತರ! "ನಾನು ಅಂದುಕೊಂಡಿದ್ದೇ ಸರಿ" ಎಂದು ಖುಷಿಯಾಗಿ ಮುಂದಿನ ಲೆಕ್ಕಕ್ಕೆ ಹೋಗುತ್ತಾರೆ. ಈ ರೂಪದ ಲೆಕ್ಕದಲ್ಲಿ ಉತ್ತರ ಒಂದು ಬಂದರೆ ಅದು ನಿಜವಾಗಿ ಒಂದೇ ಇರಬಹುದು. ಆದರೂ ಡಿಫರೆನ್ಷಿಯೇಷನ್ ಸಾಲನ್ನು ಇನ್ನೊಮ್ಮೆ ಓದಿಯೇ ನಂಬಿ.

ಸರಿಯಾಗಿ ಮಾಡಿದವರು x = 0 ಹಾಕಿದರೆ (log 2 + log 4 + log 8)/3 ಸಿಗುತ್ತದೆ. 2, 4, 8 ಗುಣಿಸಿದರೆ 64. ಆದ್ದರಿಂದ ಇದು log 64ರ ಮೂರನೇ ಒಂದು ಭಾಗ, ಅಂದರೆ log 4.

ಹೆಜ್ಜೆ 4: ವಾಪಸ್ ಬನ್ನಿ

log y ಹೋಗಿದ್ದು log 4ಕ್ಕೆ, ಆದ್ದರಿಂದ y ಹೋಗುವುದು 4ಕ್ಕೆ. 2, 4, 8ರ ಗುಣಲಬ್ಧದ ಘನಮೂಲ ಅದು. ಮೂರು ಸಂಖ್ಯೆಗಳು a, b, c ಆಗಿದ್ದರೂ ಇದೇ ದಾರಿ, ಉತ್ತರ abcಯ ಘನಮೂಲ.

ಇಲ್ಲಿ ವಾಪಸ್ ಬರುವುದು ಸುಲಭವಾಯಿತು, ಯಾಕೆಂದರೆ ಲಾಗ್ ಕಣ್ಣೆದುರೇ ಇತ್ತು. (cos x)^(1/x²) ಎಂಬ ಲೆಕ್ಕದಲ್ಲಿ ಹಾಗಿಲ್ಲ. ಅದರಲ್ಲಿ log y ಹೋಗುವುದು −1/2ಕ್ಕೆ. ಅಲ್ಲೇ ಎರಡು ಗೆರೆ ಎಳೆದು ಉತ್ತರ −1/2 ಎಂದು ಮುಗಿಸುವವರು ಬಹಳ. ಬಸ್ ಸ್ಟ್ಯಾಂಡ್ ಹತ್ತಿರ ಕೊಂಡ ಒಂದು ಗೈಡ್‌ನಲ್ಲೂ ಕೊನೆಯ ಸಾಲು ಹೀಗೇ ಬಿಟ್ಟುಹೋಗಿತ್ತು. ಅಂಥ ಗೈಡ್ ನಂಬಿಕೊಂಡು ಪರೀಕ್ಷೆಗೆ ಹೋಗಬೇಡಿ. ಸೊನ್ನೆಯ ಹತ್ತಿರ cos x ಧನ ಸಂಖ್ಯೆ, ಧನ ಸಂಖ್ಯೆಗೆ ಯಾವ ಪವರ್ ಕೊಟ್ಟರೂ ಋಣ ಸಂಖ್ಯೆ ಬರುವುದಿಲ್ಲ. ಹಾಗಾಗಿ −1/2 ಉತ್ತರವಾಗಲು ಸಾಧ್ಯವೇ ಇಲ್ಲ. ಉತ್ತರ e^(−1/2), ಸುಮಾರು 0.6065.

ಹೆಜ್ಜೆ 5: ಕ್ಯಾಲ್ಕುಲೇಟರ್‌ನಲ್ಲಿ ಪರೀಕ್ಷಿಸಿ

ನಮ್ಮ ಲೆಕ್ಕದಲ್ಲಿ x = 0.1 ಹಾಕಿದರೆ ಸುಮಾರು 4.06 ಬರುತ್ತದೆ. 0.01 ಹಾಕಿದರೆ 4.006. ನಾಲ್ಕಕ್ಕೆ ಇಳಿಯುತ್ತಿದೆ, ಸಾಕು. ಇನ್ನೂ ನಿಖರ ಬೇಕೆಂದು 10⁻²⁰ ಹಾಕಬೇಡಿ. ಅಷ್ಟು ಸಣ್ಣ ವ್ಯತ್ಯಾಸವನ್ನು ಇಟ್ಟುಕೊಳ್ಳಲು ಕ್ಯಾಲ್ಕುಲೇಟರ್‌ನಲ್ಲಿ ಅಂಕಿಗಳೇ ಇಲ್ಲ. ಬೇಸ್ ಅನ್ನು ಅದು ಸರಿಯಾಗಿ 1 ಎಂದೇ ತೆಗೆದುಕೊಂಡು 1 ಎಂದೇ ತೋರಿಸುತ್ತದೆ.

cos ಲೆಕ್ಕವಾದರೆ ಮೊದಲು ರೇಡಿಯನ್‌ಗೆ ಬದಲಿಸಿ. x = 0.1ಕ್ಕೆ ರೇಡಿಯನ್‌ನಲ್ಲಿ 0.606 ಬರುತ್ತದೆ. ಡಿಗ್ರಿಯಲ್ಲೇ ಇದ್ದರೆ 0.9998 ಬಂದು, ಉತ್ತರ ಒಂದೇ ಎಂದು ಮತ್ತೆ ದಾರಿ ತಪ್ಪಿಸುತ್ತದೆ.

ಒಂದು ಅಡ್ಡದಾರಿ

ಕೋಚಿಂಗ್ ಕ್ಲಾಸುಗಳಲ್ಲಿ ಒಂದು ಸೂತ್ರ ಕೊಡುತ್ತಾರೆ: ಬೇಸ್‌ನಿಂದ 1 ಕಳೆದು ಪವರ್‌ನಿಂದ ಗುಣಿಸಿ, ಅದರ ಲಿಮಿಟ್ ಅನ್ನು e ಮೇಲೆ ಹಾಕಿ. ಒಂದರ ಪವರ್ ಅನಂತಕ್ಕೆ ಇದು ಸರಿಯಾದ ಸೂತ್ರ. t ಸೊನ್ನೆಗೆ ಹತ್ತಿರವಾದಾಗ log(1 + t) ಹೆಚ್ಚುಕಡಿಮೆ t ಅಷ್ಟೇ ಇರುತ್ತದೆ ಎಂಬುದೇ ಅದಕ್ಕೆ ಕಾರಣ. ಆದರೆ ಬೇಸ್ ಒಂದಕ್ಕೆ ಹೋಗದಿದ್ದರೆ ಅದು ಕೈಕೊಡುತ್ತದೆ. x ಅನಂತಕ್ಕೆ ಹೋದಾಗ x^(1/x) ನೋಡಿ. ಇದು ಅನಂತದ ಪವರ್ ಸೊನ್ನೆ. ಸೂತ್ರ ಹಾಕಿದರೆ (x − 1)/x ಒಂದಕ್ಕೆ ಹೋಗಿ ಉತ್ತರ e ಬರುತ್ತದೆ. ಲಾಗ್ ಹಾಕಿದರೆ (log x)/x ಸೊನ್ನೆಗೆ ಹೋಗುತ್ತದೆ, ನಿಜವಾದ ಉತ್ತರ 1. ಆದ್ದರಿಂದ ಮೊದಲ ಹತ್ತು ಲೆಕ್ಕವನ್ನಾದರೂ ಲಾಗ್‌ನಲ್ಲೇ ಮಾಡಿ, ಆಮೇಲೆ ಸೂತ್ರ ಮುಟ್ಟಿ.

ಈಗ ನೀವೇ ಒಂದು ಮಾಡಿ ನೋಡಿ. x ಧನ ಕಡೆಯಿಂದ ಸೊನ್ನೆಗೆ ಬರುವಾಗ ((2ˣ + 18ˣ)/2)^(1/x) ಎಷ್ಟು? 6 ಬಂದರೆ ಸರಿ. 1 ಬಂದಿದ್ದರೆ 2ˣ ಡಿಫರೆನ್ಷಿಯೇಟ್ ಮಾಡಿದ ಸಾಲು ನೋಡಿ. 0 ಬಂದಿದ್ದರೆ ಮೊತ್ತದ ಲಾಗ್ ಒಡೆದಿದ್ದೀರಿ. 36 ಬಂದಿದ್ದರೆ ಕೆಳಗಿದ್ದ ಮೊತ್ತವನ್ನು ಬಿಟ್ಟಿದ್ದೀರಿ. 1.79 ಬಂದಿದ್ದರೆ ಲಾಗ್‌ನಿಂದ ವಾಪಸ್ ಬಂದಿಲ್ಲ. 2.18 ಬಂದಿದ್ದರೆ `ln` ಬದಲು `log` ಒತ್ತಿ, ವಾಪಸ್ ಬರುವಾಗ ಮಾತ್ರ e ಹಾಕಿದ್ದೀರಿ.