ಎಳ್ಳು ಬೀರೋದನ್ನ ಒಂದು ನಿಮಿಷದ ಶಾರ್ಟ್‌ನಲ್ಲಿ ಹೇಳಿದ್ದು ಹೀಗೆ

ಸಂಕ್ರಾಂತಿ ಹತ್ತಿರ ಬಂದರೆ ಎಳ್ಳು ಬೆಲ್ಲದ ಶಾರ್ಟ್‌ಗಳು ತುಂಬಾ ಬರುತ್ತವೆ. ಜಾಸ್ತಿ ಎಲ್ಲ ಅಡುಗೆ ವಿಡಿಯೋಗಳು. ಹುರಿ, ಹೆಚ್ಚು, ಬೆರೆಸು, ಮುಗೀತು. ನನಗೆ ಬೇಕಿದ್ದದ್ದು ಅದರ ಮುಂದಿನ ಭಾಗ. ಬೆರೆಸಿದ ಎಳ್ಳನ್ನು ತಟ್ಟೆಯಲ್ಲಿ ಇಟ್ಟುಕೊಂಡು ಮನೆ ಮನೆಗೆ ಹೋಗಿ ಬೀರೋದು. ನಮ್ಮ ಹಳೇ ಮೈಸೂರು ಕಡೆ ಸಂಕ್ರಾಂತಿ ಅಂದರೆ ಅದೇ ಅಲ್ವಾ?

ಎಲ್ಲಿಂದ ಶುರು ಮಾಡೋದು ಅಂತ ಯೋಚಿಸುತ್ತಿದ್ದಾಗ ಅಕ್ಕನ ಮಗಳು ಒಂದು ಪ್ರಶ್ನೆ ಕೇಳಿದಳು. "ಚಿಕ್ಕಿ, ಅವರ ಮನೇಲೂ ಎಳ್ಳು ಬೆಲ್ಲ ಇದೆಯಲ್ಲ, ಮತ್ತೆ ನಾವು ಯಾಕೆ ಕೊಡಬೇಕು?" ಅಲ್ಲೇ ನನ್ನ ಶಾರ್ಟ್ ಸಿಕ್ಕಿತು. ಬೀದಿಯ ಎಲ್ಲರ ಮನೆಯಲ್ಲೂ ಅದೇ ಐದು ಸಾಮಾನು. ಅವರು ನಮಗೆ ಕೊಡುತ್ತಾರೆ, ನಾವು ಅವರಿಗೆ ಕೊಡುತ್ತೇವೆ. ಲೆಕ್ಕ ಹಾಕಿದರೆ ಯಾರಿಗೂ ಹೊಸದಾಗಿ ಏನೂ ಸಿಗುವುದಿಲ್ಲ. ಹಾಗಿದ್ದೂ ಹೋಗುತ್ತೇವೆ, ಏಕೆಂದರೆ ಅವತ್ತು ಹೋಗಲೇಬೇಕು. ವರ್ಷವಿಡೀ ಗೇಟಿನ ಹತ್ತಿರವೇ ನಿಂತು ಮಾತಾಡಿ ವಾಪಸಾಗುವ ಮನೆಗೂ ಅವತ್ತು ಒಳಗೆ ಹೋಗಿ ಕೂತು ಬರುತ್ತೇವೆ. ನಲ್ಲಿ ನೀರಿಗೋ ಗಾಡಿ ನಿಲ್ಲಿಸುವ ಜಾಗಕ್ಕೋ ಮಾತು ಬಿಟ್ಟವರ ಮನೆಯನ್ನೂ ದಾಟಿ ಹೋಗುವ ಹಾಗಿಲ್ಲ. ಕೊಡುವಾಗ "ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ" ಅನ್ನಬೇಕು. ಮಾತು ಬಿಟ್ಟವರ ಜೊತೆ ಮತ್ತೆ ಮಾತು ಶುರು ಮಾಡೋಕೆ ಇದಕ್ಕಿಂತ ಸುಲಭದ ದಾರಿ ಇಲ್ಲ. ಹೇಳಬೇಕಾದ ಮಾತು ಮೊದಲೇ ಸಿದ್ಧವಾಗಿದೆ, ಕೈಯಲ್ಲಿ ತಟ್ಟೆ ಇದೆ, ಯಾರೂ ಸೋತ ಹಾಗೆ ಆಗುವುದಿಲ್ಲ.

ಇದೊಂದನ್ನೇ ಹೇಳುವುದು ಅಂತ ನಿರ್ಧಾರ ಮಾಡಿದ ಮೇಲೆ ಎಷ್ಟೋ ವಿಷಯ ಬಿಡಬೇಕಾಯಿತು. "ಇವತ್ತಿನಿಂದ ಹಗಲು ಉದ್ದ ಆಗುತ್ತದೆ" ಅಂತ ಎಲ್ಲರೂ ಹೇಳುತ್ತಾರೆ. ನಾನು ಹೇಳಲಿಲ್ಲ. ಹಗಲು ಉದ್ದವಾಗೋಕೆ ಶುರುವಾಗುವುದು ಡಿಸೆಂಬರ್ 21 ಅಥವಾ 22ರ ನಂತರ. ಸಂಕ್ರಾಂತಿ ಬರುವುದು ಜನವರಿ 14 ಅಥವಾ 15ಕ್ಕೆ, ಸೂರ್ಯ ಮಕರ ರಾಶಿಗೆ ಬರುವ ದಿನ. ಒಂದು ಕಾಲಕ್ಕೆ ಎರಡೂ ಒಟ್ಟಿಗೆ ಇದ್ದವು, ಈಗ ಮೂರು ವಾರದಷ್ಟು ದೂರ ಸರಿದಿವೆ. ಇದನ್ನು ಸರಿಯಾಗಿ ವಿವರಿಸೋಕೆ ಬೇರೆಯದೇ ವಿಡಿಯೋ ಬೇಕು. ತಪ್ಪಾಗಿ ಹೇಳುವುದಕ್ಕಿಂತ ಬಿಡುವುದು ಮೇಲು. ಎಳ್ಳಿನ ಆರೋಗ್ಯದ ಗುಣಗಳ ಪಟ್ಟಿಯನ್ನೂ ಬಿಟ್ಟೆ. ಎಳ್ಳಿನಲ್ಲಿ ಅರ್ಧದಷ್ಟು ಎಣ್ಣೆಯೇ ಇದೆ, ಚಳಿಗಾಲಕ್ಕೆ ಒಳ್ಳೆಯದು ಅಂತ ಹಿರಿಯರು ಹೇಳುತ್ತಾರೆ, ಸರಿ. ಆದರೆ ಅದಷ್ಟೇ ಕಾರಣವಾಗಿದ್ದರೆ ಮನೆಯಲ್ಲೇ ಕೂತು ತಿನ್ನಬಹುದಿತ್ತು.

ಇನ್ನೊಂದು ವಿಷಯವನ್ನು ಮಾತ್ರ ಬಿಡಲು ಮನಸ್ಸಾಗಲಿಲ್ಲ. ನಮ್ಮ ಕಡೆ ತುಂಬಾ ಮನೆಗಳಲ್ಲಿ ಎಳ್ಳನ್ನು ಕೈಯಿಂದ ಕೈಗೆ ಕೊಡುವುದಿಲ್ಲ. ತರ್ಪಣಕ್ಕೆ ಎಳ್ಳು ಬಳಸುತ್ತೇವಲ್ಲ, ಅದಕ್ಕೆ. ಬರಿ ಎಳ್ಳನ್ನು ಯಾರಾದರೂ ಕೈಗೆ ಹಾಕಲು ಬಂದರೆ ಅಮ್ಮ ಈಗಲೂ "ಕೆಳಗಿಡಿ, ತಗೋತೀನಿ" ಅನ್ನುತ್ತಾರೆ. ಅದೇ ಎಳ್ಳನ್ನು ಸಂಕ್ರಾಂತಿ ದಿನ ಎಲ್ಲರಿಗೂ ಹಂಚುತ್ತೇವೆ. ಬೆಲ್ಲ ಸೇರಿದ್ದರಿಂದ ಹಂಚಬಹುದು ಅಂತ ಅಮ್ಮನ ಮಾತು. ಶಾಸ್ತ್ರದಲ್ಲಿ ಏನಿದೆಯೋ ಅದು ಬೇರೆ, ಆದರೆ ಈ ಹಬ್ಬ ಯಾಕೆ ಹೀಗಿದೆ ಅನ್ನುವುದಕ್ಕೆ ಮನೆಯೊಳಗಿನಿಂದ ಬಂದ ಇಷ್ಟು ಒಳ್ಳೆ ಉತ್ತರ ನನಗೆ ಬೇರೆ ಸಿಕ್ಕಿಲ್ಲ. ಹಾಗಾಗಿ ಆ ಮಾತನ್ನು ಅಮ್ಮನ ದನಿಯಲ್ಲೇ ಇಟ್ಟೆ.

ಈಗ ಶೂಟಿಂಗ್ ವಿಷಯ. ಇಲ್ಲಿ ಒಂದು ತೊಡಕಿದೆ. ಬೀರುವುದು ಹಬ್ಬದ ಸಂಜೆ. ಆದರೆ ವಿಡಿಯೋ ಜನಕ್ಕೆ ಉಪಯೋಗವಾಗುವುದು ಹಬ್ಬಕ್ಕೆ ನಾಲ್ಕೈದು ದಿನ ಮೊದಲು. ಮೊದಲೇ ನಾಟಕದ ಥರ ಮಾಡಿಸಿದರೆ ಮಕ್ಕಳ ಮುಖದಲ್ಲೇ ಗೊತ್ತಾಗುತ್ತದೆ. ನಾನು ಹಿಂದಿನ ವರ್ಷದ ಸಂಕ್ರಾಂತಿ ಸಂಜೆಯೇ ಬೀರುವುದನ್ನು ತೆಗೆದಿಟ್ಟುಕೊಂಡೆ, ಈ ವರ್ಷ ಎಳ್ಳು ಮಾಡುವಾಗ ಉಳಿದದ್ದನ್ನು ತೆಗೆದೆ. ಎರಡಕ್ಕೂ ಹೊಂದಾಣಿಕೆ ಇರಲಿ ಅಂತ ಅದೇ ಹಿತ್ತಾಳೆ ತಟ್ಟೆ, ಅದೇ ಕ್ರೋಶಾ ಮುಚ್ಚುವ ಬಟ್ಟೆ ಬಳಸಿದೆ. ಹೋಗುವ ಮನೆಯವರಿಗೆಲ್ಲ ಬೆಳಿಗ್ಗೆಯೇ ಹೇಳಿ ಒಪ್ಪಿಗೆ ಕೇಳಿದ್ದೆ. ಒಬ್ಬರು ಮುಖ ಬೇಡ ಅಂದರು. ಅವರ ಮನೆಯಲ್ಲಿ ಬರೀ ಕೈಗಳನ್ನು ತೆಗೆದೆ, ಕೊನೆಗೆ ಆ ಶಾಟೇ ಎಲ್ಲಕ್ಕಿಂತ ಚೆನ್ನಾಗಿ ಬಂತು.

ಎಳ್ಳು ಮಾಡುವ ಭಾಗಕ್ಕೆ ಬರೀ 15 ಸೆಕೆಂಡ್ ಕೊಟ್ಟೆ. ಆದರೆ ಸರಿಯಾಗಿ ಮಾಡಿದ ಎಳ್ಳನ್ನೇ ತೋರಿಸಬೇಕು, ನೋಡಿದವರು ಹಾಗೇ ಮಾಡುತ್ತಾರೆ. ಕೊಬ್ಬರಿಯ ಕಂದು ಸಿಪ್ಪೆ ಹೆರೆದು ಸಣ್ಣಗೆ ಹೆಚ್ಚಿ, ಬೆಲ್ಲವನ್ನೂ ಅದೇ ಅಳತೆಗೆ ಹೆಚ್ಚಿ, ಎರಡನ್ನೂ ಬೇರೆ ಬೇರೆ ಬಟ್ಟೆ ಮೇಲೆ ಬಿಸಿಲಿಗೆ ಇಡುತ್ತೇವೆ. ಬೆಲ್ಲದ ಚೂರು ಒಂದಕ್ಕೊಂದು ಅಂಟದೆ ಮುಟ್ಟಿದರೆ ಉರುಳಬೇಕು, ಅಲ್ಲಿವರೆಗೆ ಒಣಗಬೇಕು. ಮೆತ್ತನೆಯ ಬೆಲ್ಲ ತಂದರೆ ಎಷ್ಟು ಒಣಗಿಸಿದರೂ ಮಿಶ್ರಣ ಎರಡು ದಿನಕ್ಕೆ ನೀರಾಡುತ್ತದೆ, ಹುರಿಗಡಲೆ ಮೆತ್ತಗಾಗುತ್ತದೆ. ಕಡಲೆಬೀಜ ಹುರಿದು, ಉಜ್ಜಿ, ಮೊರದಲ್ಲಿ ಕೇರಿ ಬೇಳೆ ಮಾಡಿಕೊಳ್ಳಬೇಕು. ಎಲ್ಲ ಒಂದೊಂದು ಲೋಟ, ಎಳ್ಳು ಮಾತ್ರ ಅರ್ಧ ಲೋಟ. ಹುರಿದದ್ದೆಲ್ಲ ಪೂರ್ತಿ ಆರಿದ ಮೇಲೆ ಬೆಲ್ಲ ಕೊನೆಗೆ. ಎಳ್ಳು ಯಾವಾಗಲೂ ತಳಕ್ಕೆ ಇಳಿಯುತ್ತದೆ, ಹಾಗಾಗಿ ಪ್ರತಿ ಪೊಟ್ಟಣ ತುಂಬುವ ಮೊದಲು ಒಮ್ಮೆ ಕೆಳಗಿನಿಂದ ಮೇಲೆ ಮಾಡಬೇಕು. ಇಲ್ಲದಿದ್ದರೆ ಮೊದಲ ಮನೆಗೆ ಬರೀ ಕಡಲೆ, ಕೊನೆಯ ಮನೆಗೆ ಬರೀ ಎಳ್ಳು.

ಬಿಳಿ ಎಳ್ಳನ್ನು ಸ್ಟೀಲ್ ಪಾತ್ರೆಯಲ್ಲಿ ತೆಗೆದರೆ ಏನೂ ಕಾಣುವುದಿಲ್ಲ, ಎಲ್ಲ ಒಂದೇ ಬಿಳುಪು. ಕಬ್ಬಿಣದ ಬಾಣಲೆ ಒಳ್ಳೆಯದು. ಕಿಟಕಿ ಪಕ್ಕ ಒಲೆ ಇಟ್ಟುಕೊಂಡು, ಫೋನಿನ ಪರದೆಯಲ್ಲಿ ಎಳ್ಳಿನ ಮೇಲೆ ಒತ್ತಿ ಹಿಡಿದು ಬೆಳಕನ್ನು ಅಲ್ಲಿಗೇ ಲಾಕ್ ಮಾಡಿ, ಸ್ವಲ್ಪ ಕಡಿಮೆ ಮಾಡಿದೆ. ಫ್ಯಾನ್, ಫ್ರಿಜ್ ಎರಡನ್ನೂ ಆಫ್ ಮಾಡಿ ಎಳ್ಳು ಚಟಪಟ ಅನ್ನುವ ಸದ್ದನ್ನು ಬೇರೆಯಾಗಿ ರೆಕಾರ್ಡ್ ಮಾಡಿಕೊಂಡೆ. ಶಾರ್ಟ್ ಆ ಸದ್ದಿನಿಂದಲೇ ಶುರುವಾಗುತ್ತದೆ, ಸಂಗೀತ ಹಾಕಿಲ್ಲ.

ಮಾತನ್ನು ಮೊದಲು ಬರೆದು, ಆಮೇಲೆ ಗಟ್ಟಿಯಾಗಿ ಓದಿ ಅಳತೆ ಮಾಡಿದೆ. ಒಂದು ನಿಮಿಷಕ್ಕಿಂತ ಉದ್ದದ ಶಾರ್ಟ್ ಹಾಕಬಹುದು, ಆದರೆ ಈ ವಿಷಯಕ್ಕೆ ಅಷ್ಟು ಸಾಕು, ಮಧ್ಯೆ ಉಸಿರಾಡೋಕೂ ಜಾಗ ಬೇಕು. ಕೊನೆಗೆ ಉಳಿದ ಮಾತು ಇಷ್ಟು:

"ಇದು ನಮ್ಮ ಮನೆ ಎಳ್ಳು ಬೆಲ್ಲ. ಪಕ್ಕದ ಮನೇಲೂ ಇದೇ ಇದೆ. ಎದುರು ಮನೇಲೂ ಇದೇ. ಮತ್ತೆ ಯಾಕೆ ಕೊಡೋದು? ಎಳ್ಳನ್ನ ಬೇರೆ ದಿನ ಕೈಗೆ ಕೊಡಲ್ಲ. ಇವತ್ತು ಬೆಲ್ಲ ಸೇರಿಸಿ ಕೊಡ್ತೀವಿ. ಜೊತೆಗೆ ಕಬ್ಬು, ಸಕ್ಕರೆ ಅಚ್ಚು, ಬಾಳೆಹಣ್ಣು, ಎಲಚಿ ಹಣ್ಣು, ಎಲೆ ಅಡಿಕೆ. ಹೊಸದಾಗಿ ಮದುವೆಯಾದವಳು ಬೀದಿಗೆ ಪರಿಚಯ ಆಗೋದು ಹೀಗೆ. ಮಾತು ಬಿಟ್ಟವರು ಮತ್ತೆ ಮಾತಾಡೋದು ಹೀಗೆ. ತಟ್ಟೆ ಖಾಲಿ ವಾಪಸ್ ಬರಲ್ಲ. ಅವರ ಮನೆ ಎಳ್ಳು ಅದರಲ್ಲಿ ಬರುತ್ತೆ. ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ."

ಇದರಲ್ಲಿ "ಎಳ್ಳನ್ನ ಬೇರೆ ದಿನ" ಅನ್ನುವುದರಿಂದ "ಕೊಡ್ತೀವಿ" ತನಕ ಅಮ್ಮ, ಉಳಿದದ್ದು ನಾನು. ಕೊನೆಯ ಸಾಲು ಮಾತ್ರ ಅಕ್ಕನ ಮಗಳದು, ಅದು ಹಬ್ಬದ ಸಂಜೆಯೇ ಬಾಗಿಲಲ್ಲಿ ರೆಕಾರ್ಡ್ ಆದದ್ದು. "ಬಾ ಪುಟ್ಟಿ, ಎಳ್ಳು ತಂದ್ಯಾ?" ಅಂತ ಒಳಗಿನಿಂದ ಆಂಟಿ ಕೂಗುವುದೂ ಕೇಳಿಸುತ್ತದೆ. ಅದನ್ನು ಕತ್ತರಿಸಬೇಡ ಅಂತ ಅಕ್ಕ ಹೇಳಿದಳು, ಕತ್ತರಿಸಲಿಲ್ಲ.

ಹೊಸ ಮದುಮಗಳ ಸಾಲಿಗೆ ನಾದಿನಿಯ ಶಾಟ್ ಹಾಕಿದ್ದೇನೆ. ಮದುವೆಯಾದ ಮೊದಲ ಸಂಕ್ರಾಂತಿಗೆ ಎಳ್ಳಿನ ಜೊತೆ ಐದು ಬಾಳೆಹಣ್ಣು, ಮರುವರ್ಷ ಹತ್ತು, ಹೀಗೆ ಐದು ವರ್ಷ ಏರಿಸಿಕೊಂಡು ಬೀರುವುದು ನಮ್ಮಲ್ಲಿ ಪದ್ಧತಿ. ಐದು ವರ್ಷ ಹೋಗಿ ಬಂದ ಮೇಲೆ ಆ ಬೀದಿಯ ಯಾವ ಮನೆಯೂ ಅವಳಿಗೆ ಹೊಸದಲ್ಲ. ಇದನ್ನು ಲೆಕ್ಕ ಸಮೇತ ಹೇಳೋಕೆ ಸಮಯ ಇರಲಿಲ್ಲ. ಪರದೆ ಮೇಲೆ ಒಂದು ಸಾಲು ಬರಹ ಹಾಕಿದೆ. ಬರಹವನ್ನು ಪರದೆಯ ಮಧ್ಯಕ್ಕಿಂತ ಸ್ವಲ್ಪ ಮೇಲೆ ಇಡಿ, ಕೆಳಗಡೆ ಶೀರ್ಷಿಕೆ ಬರುತ್ತದೆ, ಬಲಗಡೆ ಬಟನ್‌ಗಳು ಮುಚ್ಚುತ್ತವೆ.

ತಟ್ಟೆ ವಾಪಸ್ ಬರುವ ಶಾಟ್ ಬಗ್ಗೆ ಒಂದು ಮಾತು. ಕೊಡುವುದನ್ನು ಎಲ್ಲರೂ ತೋರಿಸುತ್ತಾರೆ, ವಾಪಸ್ ಬರುವುದನ್ನು ತೋರಿಸುವುದಿಲ್ಲ. ಅದಿಲ್ಲದಿದ್ದರೆ ಇದು ಸುಮ್ನೆ ದಾನ ಮಾಡಿದ ಹಾಗೆ ಕಾಣುತ್ತದೆ. ಆಂಟಿ ನಮ್ಮ ಪೊಟ್ಟಣ ತೆಗೆದುಕೊಂಡು, ಒಳಗೆ ಹೋಗಿ, ಅದೇ ತಟ್ಟೆಯಲ್ಲಿ ತಮ್ಮ ಮನೆಯ ಪೊಟ್ಟಣ, ಎರಡು ಬಾಳೆಹಣ್ಣು ಇಟ್ಟು ತರುವವರೆಗೆ ಕ್ಯಾಮೆರಾ ಬಾಗಿಲಲ್ಲೇ ನಿಂತಿದೆ. ಸಂಕಲನದಲ್ಲಿ ಇದಕ್ಕೆ ಪೂರ್ತಿ 8 ಸೆಕೆಂಡ್ ಕೊಟ್ಟೆ, ಬೇರೆ ಯಾವ ಶಾಟ್‌ಗೂ ಅಷ್ಟು ಕೊಟ್ಟಿಲ್ಲ.

ವಿಡಿಯೋ ಶುರುವಿನಲ್ಲೇ "ಹಳೇ ಮೈಸೂರು ಕಡೆ" ಅಂತ ಬರೆದೆ. ಧಾರವಾಡದ ಗೆಳತಿಯ ಮನೆಯಲ್ಲಿ ಕುಸುರೆಳ್ಳು ಕೊಡುತ್ತಾರೆ, ಚಿಕ್ಕವರು ದೊಡ್ಡವರಿಗೆ ಕೊಟ್ಟು ಕಾಲಿಗೆ ನಮಸ್ಕಾರ ಮಾಡುತ್ತಾರೆ, ಭೋಗಿಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಇರುತ್ತದೆ. ಅದನ್ನೂ ಇದೇ ಒಂದು ನಿಮಿಷದಲ್ಲಿ ತುರುಕಿದರೆ ಇಬ್ಬರಿಗೂ ಅನ್ಯಾಯ. ಅವಳು ಈ ಸಲ ಅವರ ಮನೆಯ ಹಬ್ಬವನ್ನು ತೆಗೆದಿಟ್ಟಿದ್ದಾಳೆ. ಅದರ ಸಂಕಲನ ನಾನು ಮಾಡುತ್ತೇನೆ, ಮಾತು ಅವಳದೇ, ಅವರ ಕಡೆಯ ಕನ್ನಡದಲ್ಲೇ.