ಬೆನ್ನಿನ ಹುರುಪೆ ನೋಡದೆ ಹೇಳಿಬಿಟ್ಟೆ

ಹಳದಿ ಕಪ್ಪು ಪಟ್ಟೆ ಕಂಡರೆ ನನ್ನ ಹೆಂಡತಿ ಇವತ್ತಿಗೂ "ಕಣಜ ಬಂತು ರೀ" ಅಂತ ಕೂಗುತ್ತಾಳೆ. ಕೆಂಗೇರಿ ಕಡೆ ನಮ್ಮ ಮನೆಯ ತಾರಸಿಯಲ್ಲಿ ನಾಲ್ಕು ತುಳಸಿ ಕುಂಡಗಳಿವೆ. ಹೂ ಬಿಟ್ಟಾಗ ಅಲ್ಲಿಗೆ ಬರುವವು ಹೆಚ್ಚಾಗಿ ಹೂನೊಣಗಳು. ಅವಕ್ಕೆ ಕೊಂಡಿಯೇ ಇಲ್ಲ. ಹಕ್ಕಿ ಹೆದರಲಿ ಅಂತ ಕಣಜದ ಬಟ್ಟೆ ಹಾಕಿಕೊಂಡಿವೆ, ಅಷ್ಟೇ.

ಫೋಟೋದಲ್ಲಿ ಇವನ್ನು ಬೇರೆ ಮಾಡೋಕೆ ಶುರುವಿನಲ್ಲಿ ನಾನು ರೆಕ್ಕೆ ಎಣಿಸುತ್ತಿದ್ದೆ. ನೊಣಕ್ಕೆ ಎರಡು, ಕಣಜಕ್ಕೆ ನಾಲ್ಕು. ಪುಸ್ತಕದಲ್ಲಿ ಸರಿ, ಫೋಟೋದಲ್ಲಿ ಕಷ್ಟ. ಕಣಜದ ಹಿಂದಿನ ರೆಕ್ಕೆ ಸಣ್ಣ ಕೊಕ್ಕೆಗಳಿಂದ ಮುಂದಿನದಕ್ಕೆ ಸಿಕ್ಕಿಕೊಂಡಿರುತ್ತದೆ, ಹಾಗಾಗಿ ನಾಲ್ಕೂ ಸೇರಿ ಎರಡರಂತೆ ಕಾಣುತ್ತವೆ. ಆಮೇಲೆ ತಲೆ ನೋಡೋದು ಕಲಿತೆ. ಹೂನೊಣದ ಮೀಸೆ ಮೊಂಡು, ಇದೆಯೋ ಇಲ್ಲವೋ ಅನ್ನುವಷ್ಟು. ತಲೆ ತುಂಬ ಕಣ್ಣೇ. ಕಣಜಕ್ಕೆ ಉದ್ದ ಮೀಸೆ, ಸಣ್ಣ ಸೊಂಟ. ವೇಷ ಬಣ್ಣದಲ್ಲಿ ಮಾತ್ರ ಇದೆ, ಮೈಕಟ್ಟು ನೊಣದ್ದೇ ಅಂತ ಅಲ್ಲಿ ಗೊತ್ತಾಯಿತು. ಇದನ್ನೇ ಹಾವಿಗೂ ಹಚ್ಚಬೇಕಿತ್ತು. ಹಚ್ಚಲಿಲ್ಲ.

ಹುಳುಗಳ ಫೋಟೋ ತೆಗೆಯುವವನಿಗೆ ಹಾವೂ ಗೊತ್ತಿರುತ್ತದೆ ಅಂತ ಲೇಔಟಿನವರ ನಂಬಿಕೆ. ಮಳೆ ಶುರುವಾದರೆ ವಾಟ್ಸಾಪಿನಲ್ಲಿ ಒಂದೇ ಪ್ರಶ್ನೆ: "ಸಾರ್, ಇದು ಕಟ್ಟು ಹಾವಾ?" ನಮ್ಮ ಕಡೆ ಈ ಪ್ರಶ್ನೆಗೆ ಸಾಮಾನ್ಯವಾಗಿ ಇರುವುದು ಎರಡು ಉತ್ತರ. ಒಂದು ನಿಜವಾದ ಕಟ್ಟು ಹಾವು. ಅದು ಕಚ್ಚಿದರೆ ನರಗಳೇ ಸೋತುಹೋಗುತ್ತವೆ. ಇನ್ನೊಂದು ತೋಳದ ಹಾವು, ಅಂದರೆ ವುಲ್ಫ್ ಸ್ನೇಕ್. ಮುಂದಿನ ಹಲ್ಲು ತೋಳದ ಹಲ್ಲಿನಂತೆ ಉದ್ದ, ಅದಕ್ಕೇ ಆ ಹೆಸರು. ವಿಷ ಇಲ್ಲ. ಎರಡಕ್ಕೂ ಮೈಮೇಲೆ ಬಿಳಿ ಪಟ್ಟೆ, ಎರಡೂ ರಾತ್ರಿ ಓಡಾಡುತ್ತವೆ, ಎರಡೂ ಹಲ್ಲಿ ತಿನ್ನುತ್ತವೆ.

ಆಗ ನನ್ನ ಹತ್ತಿರ ಒಂದು ಸುಲಭ ಸೂತ್ರ ಇತ್ತು. ತೋಳದ ಹಾವಿನ ಪಟ್ಟೆ ಕುತ್ತಿಗೆಯ ಹತ್ತಿರವೇ ಅಗಲವಾಗಿ ಶುರುವಾಗಿ, ಬಾಲದ ಕಡೆ ಮಸುಕಾಗುತ್ತದೆ. ಕಟ್ಟು ಹಾವಿನದು ಉಲ್ಟಾ. ಮುಂಭಾಗ ಬರೀ ಕಪ್ಪು, ಸ್ವಲ್ಪ ಹಿಂದೆ ತೆಳ್ಳಗಿನ ಬಿಳಿ ಗೆರೆ ಜೋಡಿ ಜೋಡಿಯಾಗಿ ಶುರುವಾಗಿ ಬಾಲದವರೆಗೂ ಹೋಗುತ್ತದೆ. ದೊಡ್ಡ ಹಾವಿಗೆ ಈ ಸೂತ್ರ ಬಹಳ ಸಲ ಸರಿಹೋಗುತ್ತದೆ. ಅಲ್ಲೇ ನಾನು ಎಡವಿದ್ದು.

ಎರಡು ವರ್ಷದ ಹಿಂದೆ ಜುಲೈನಲ್ಲಿ, ರಾತ್ರಿ ಹತ್ತರ ಹತ್ತಿರ, ಮೂರನೇ ಕ್ರಾಸಿನ ಮೇಡಂ ಒಂದು ಫೋಟೋ ಕಳಿಸಿದರು. ವಾಷಿಂಗ್ ಮಷೀನ್ ಪಕ್ಕ ಒಂದಡಿ ಉದ್ದದ ಹಾವು. ಎಲ್ಇಡಿ ಬೆಳಕಿಗೆ ಮೈ ಕಂದುಬಣ್ಣವಾಗಿ ಕಂಡಿತು. ಪಟ್ಟೆ ಕುತ್ತಿಗೆಯ ಹತ್ತಿರದಿಂದಲೇ ಶುರುವಾಗಿತ್ತು. "ತೋಳದ ಹಾವು ಅನ್ಸುತ್ತೆ ಮೇಡಂ, ಹೆದರಬೇಡಿ" ಅಂತ ಟೈಪ್ ಮಾಡಿ ಕಳಿಸಿಯೂ ಬಿಟ್ಟೆ. ಹತ್ತು ಸೆಕೆಂಡ್ ಆಗಿರಬಹುದು.

ಕಳಿಸಿದ ಮೇಲೆ ಫೋಟೋ ದೊಡ್ಡದು ಮಾಡಿ ನೋಡಿದೆ. ಪಟ್ಟೆಗಳು ತೀರಾ ತೆಳ್ಳಗಿವೆ, ಬಾಲದ ಕಡೆ ಒಂಚೂರೂ ಮಸುಕಾಗಿಲ್ಲ. ಹೊಟ್ಟೆಯಲ್ಲಿ ಕಸಿವಿಸಿ. ಫೋನ್ ಮಾಡಿ, "ಮೇಡಂ, ನಾನು ಹೇಳಿದ್ದು ಬಿಟ್ಬಿಡಿ. ಬಾಗಿಲು ಹಾಕಿ, ಕೆಳಗಿನ ಸಂದಿಗೆ ಟವೆಲ್ ತುರುಕಿ, ಮಗೂನ ಮಂಚದ ಮೇಲೆ ಕೂರಿಸಿ" ಅಂದೆ. ಹಾವು ಹಿಡಿಯುವವರಿಗೂ ಫೋನ್ ಮಾಡಿದೆ. ಅವರು ಬರೋಕೆ ಮುಕ್ಕಾಲು ಗಂಟೆ. ಅಷ್ಟರಲ್ಲಿ ಕ್ಯಾಮೆರಾ ತಗೊಂಡು ನಾನೇ ಹೋದೆ.

ನೋಡಬೇಕಾದದ್ದು ಬೆನ್ನಿನ ನಡುಸಾಲು. ಕಟ್ಟು ಹಾವಿನ ಬೆನ್ನುದ್ದಕ್ಕೂ ಮಧ್ಯದಲ್ಲಿ ಒಂದು ಸಾಲು ಹುರುಪೆ ಪಕ್ಕದವಕ್ಕಿಂತ ದೊಡ್ಡದಾಗಿ, ಆರು ಮೂಲೆಯದಾಗಿ ಇರುತ್ತದೆ, ಹೆಂಚು ಜೋಡಿಸಿದ ಹಾಗೆ. ತೋಳದ ಹಾವಿಗೆ ಆ ಸಾಲು ಇಲ್ಲ, ಬೆನ್ನಿನ ಹುರುಪೆಗಳೆಲ್ಲ ಹೆಚ್ಚುಕಮ್ಮಿ ಒಂದೇ ಅಳತೆ. ಆದರೆ ಒಂದಡಿಯ ಮರಿಯಲ್ಲಿ ಆ ದೊಡ್ಡ ಹುರುಪೆ ಅಂದರೂ ಸುಮಾರು 2 ಮಿಲಿಮೀಟರ್ ಅಗಲ. ಫೋನಿನ ಮಾಮೂಲಿ ಲೆನ್ಸಿನಲ್ಲಿ 2 ಮೀಟರ್ ದೂರದಿಂದ ತೆಗೆದರೆ ಅದಕ್ಕೆ ಸಿಗುವುದು ಮೂರು ಪಿಕ್ಸೆಲ್. ಬೆರಳಲ್ಲಿ ಎಷ್ಟು ಎಳೆದು ದೊಡ್ಡದು ಮಾಡಿದರೂ ಇಲ್ಲದ ಹುರುಪೆ ಬರಲ್ಲ. ಹತ್ತಿರ ಹೋಗಿ ತೆಗೆಯಿರಿ ಅಂತ ಯಾರಿಗೂ ಹೇಳುವ ಹಾಗಿಲ್ಲ. ಹೂನೊಣದ ಹತ್ತಿರ ನಾನು ಮೂಗು ತಾಗುವಷ್ಟು ಹೋಗುತ್ತೇನೆ, ಇಲ್ಲಿ ಆ ಆಟ ನಡೆಯಲ್ಲ. ನನ್ನ 100 ಎಂಎಂ ಲೆನ್ಸಿನಲ್ಲಿ ಅದೇ 2 ಮೀಟರಿನಿಂದ ಒಂದು ಹುರುಪೆಗೆ ಸುಮಾರು 25 ಪಿಕ್ಸೆಲ್ ಸಿಗುತ್ತದೆ. ಅಷ್ಟು ಸಾಕು.

ಬಾಗಿಲಲ್ಲೇ ನಿಂತೆ. ಮೊದಲ ಎರಡು ಫೋಟೋ ಫ್ಲ್ಯಾಶ್ ಹಾಕಿ ತೆಗೆದು ಹಾಳುಮಾಡಿದೆ. ಈ ಹಾವಿನ ಮೈ ಗಾಜಿನಂತೆ ಹೊಳೆಯುತ್ತದೆ. ನೇರ ಬೆಳಕು ಬಿದ್ದರೆ ಬೆನ್ನಿನ ಮೇಲೆ, ಸರಿಯಾಗಿ ನೋಡಬೇಕಾದ ಸಾಲಿನ ಮೇಲೆಯೇ, ಒಂದು ಬಿಳಿ ಗೆರೆ ಎಳೆದಂತಾಗುತ್ತದೆ. ಫ್ಲ್ಯಾಶ್ ಆರಿಸಿ, ಮೇಡಂ ಅವರ ಯಜಮಾನರಿಗೆ ಟಾರ್ಚ್ ಕೊಟ್ಟು ಹಾಲಿನ ಕಡೆಯ ಕಿಟಕಿಯಿಂದ ಅಡ್ಡಲಾಗಿ ಬಿಡಲು ಹೇಳಿದೆ. ಅವರ ಕೈ ನಡುಗುತ್ತಿತ್ತು. ಬೆಳಕೂ ನಡುಗಿತು. ಆರನೇ ಫೋಟೋ ಸರಿಬಂತು. ಕ್ಯಾಮೆರಾ ಪರದೆಯ ಮೇಲೆ ದೊಡ್ಡದು ಮಾಡಿದೆ. ಬೆನ್ನಿನ ನಡುವೆ ಅಗಲ ಹುರುಪೆ, ಒಂದರ ಹಿಂದೆ ಒಂದು, ಆರು ಮೂಲೆ. ಕಟ್ಟು ಹಾವಿನ ಮರಿ.

ಪಟ್ಟೆ ಯಾಕೆ ಕುತ್ತಿಗೆಯಿಂದಲೇ ಇತ್ತು ಅಂದರೆ, ಕಟ್ಟು ಹಾವಿನ ಮರಿಗಳು ಹಾಗೇ ಇರುತ್ತವೆ. ಮುಂಭಾಗದಲ್ಲೂ ಪಟ್ಟೆ ಸ್ಪಷ್ಟ. ಬೆಳೆದ ಮೇಲೆ ಅಲ್ಲಿ ಅಳಿಸಿಹೋಗುತ್ತದೆ, ಇಲ್ಲವೇ ಬರೀ ಚುಕ್ಕೆಯಾಗಿ ಉಳಿಯುತ್ತದೆ. ನನ್ನ ಸೂತ್ರ ದೊಡ್ಡ ಹಾವಿನದು. ಮರಿಗೆ ಹಚ್ಚಿದ್ದು ನನ್ನ ತಪ್ಪು. ಬಣ್ಣ ನಂಬಿದ್ದು ಇನ್ನೊಂದು ತಪ್ಪು. ಹಳದಿ ಬಲ್ಬಿನ ಕೆಳಗೆ ಕಪ್ಪು ಹಾವೂ ಕಂದು ಕಾಣುತ್ತದೆ ಅಂತ ಫೋಟೋ ತೆಗೆಯುವ ನನಗೇ ಹೊಳೆಯಲಿಲ್ಲ ನೋಡಿ.

ಹಿಡಿಯುವವರು ಬಂದು ಡಬ್ಬಿಗೆ ಹಾಕಿಕೊಂಡು ಹೋದರು. ಮೇಡಂ ಏನೂ ಅನ್ನಲಿಲ್ಲ, ಕಾಫಿ ಕೊಟ್ಟರು. ಅದು ಇನ್ನೂ ಕಷ್ಟ ಆಯ್ತು.

ಅಂದಿನಿಂದ ಯಾರು ಫೋಟೋ ಕಳಿಸಿದರೂ ನನ್ನ ಮೊದಲ ಉತ್ತರ ಒಂದೇ: "ಕಟ್ಟು ಹಾವು ಅಂತಲೇ ಅಂದ್ಕೊಳ್ಳಿ, ದೂರ ಇರಿ." ಆಮೇಲೆ ಫೋಟೋ ನೋಡುತ್ತೇನೆ. ತಲೆಯಿಂದ ಬಾಲದವರೆಗೆ ಕಾಣದಿದ್ದರೆ, ಬೆನ್ನಿನ ಹುರುಪೆ ತಿಳಿಯದಿದ್ದರೆ, ಹೆಸರು ಹೇಳಲ್ಲ. ಫೋನಿನಲ್ಲಿ 3ಎಕ್ಸ್ ಲೆನ್ಸ್ ಇದ್ದರೆ ಅದರಲ್ಲಿ, ನಿಂತಲ್ಲಿಂದಲೇ, ಫ್ಲ್ಯಾಶ್ ಇಲ್ಲದೆ ತೆಗೆಯಲು ಹೇಳುತ್ತೇನೆ. ಹೊಡೆದು ಜಜ್ಜಿದ ಹಾವಿನ ಫೋಟೋ ಬಂದರೆ ಬೆನ್ನೇ ಇರಲ್ಲ, ಅದಕ್ಕೆ ನನ್ನ ಹತ್ತಿರ ಉತ್ತರವೂ ಇಲ್ಲ. ಕಚ್ಚಿದೆ ಅನ್ನುವ ಅನುಮಾನ ಇದ್ದರಂತೂ ಫೋಟೋ ಮಾತೇ ಬೇಡ, ನೇರ ದೊಡ್ಡ ಆಸ್ಪತ್ರೆಗೆ. ಕಟ್ಟು ಹಾವು ಕಚ್ಚಿದ ಜಾಗ ಎಷ್ಟೋ ಸಲ ಊದಿಕೊಳ್ಳೋದೂ ಇಲ್ಲ, ನೋಯೋದೂ ಇಲ್ಲ. ಮಲಗಿದವರಿಗೆ ಎಚ್ಚರವೇ ಆಗದೇ ಇರಬಹುದು.

ಹೋದ ತಿಂಗಳು ಅದೇ ಮೇಡಂ ಇನ್ನೊಂದು ಕಳಿಸಿದರು. ಕಾಂಪೌಂಡ್ ಗೋಡೆ ಹತ್ತುತ್ತಿದ್ದ ಹಾವು, ಹಗಲು ಬೆಳಕು, 3ಎಕ್ಸ್, ಇಡೀ ಮೈ. ಕುತ್ತಿಗೆಗೆ ಅಗಲ ಪಟ್ಟೆ, ಬಾಲ ಬರೀ ಕಂದು, ಬೆನ್ನಿನ ಹುರುಪೆ ಎಲ್ಲ ಒಂದೇ ಸಮ. ತೋಳದ ಹಾವು ಅಂತ ಬರೆಯೋಕೆ ನನಗೆ ಇಪ್ಪತ್ತು ನಿಮಿಷ ಹಿಡಿಯಿತು. ಅಷ್ಟರಲ್ಲಿ ಅದು ಪಕ್ಕದ ಸೈಟಿಗೆ ಇಳಿದು ಹೋಗಿತ್ತಂತೆ.